ಬೆಳ್ಳಿಯೂ ಸಂಜೆಚುಕ್ಕಿಯೂ ಒಂದೇ ಎಂಬ ಮಾತು

ಯುಗಾದಿಯ ಹೊತ್ತಿಗೆ ಒಂಟಿಕೊಪ್ಪಲ್ ಪಂಚಾಂಗದ ಹೊಸ ಪ್ರತಿ ಮನೆಗೆ ಬಂದೊಡನೆ, ಮಗಳ ವಿವಾಹವನ್ನೋ ಮಗನ ಉಪನಯನವನ್ನೋ ಆ ಸಂವತ್ಸರದಲ್ಲಿ ನೆರವೇರಿಸಬೇಕೆಂದಿರುವ ಮೈಸೂರಿನ ಗೃಹಸ್ಥರು ಹುಡುಕಿ ನೋಡುವ ಸಂಗತಿಗಳಲ್ಲಿ ಗುರುಶುಕ್ರರ ಅಸ್ತೋದಯಗಳೂ ಸೇರಿರುತ್ತವೆ. ಈ ಎರಡು ಗ್ರಹಗಳು ಸೂರ್ಯನ ಪ್ರಭೆಯಲ್ಲಿ ಮರೆಯಾಗಿರುವ ದಿನಗಳಲ್ಲಿ ಅಂಥ ಶುಭಕಾರ್ಯಗಳು ಸಲ್ಲವೆಂಬುದು ಮುಹೂರ್ತಶಾಸ್ತ್ರದ ನಿಯಮವಷ್ಟೆ. 2025ರಲ್ಲಿ ಯುಗಾದಿಯು ಮಾರ್ಚ್ 30ಕ್ಕೆ ಬಂದಿತು. ಅದಕ್ಕೆ ಒಂದು ವಾರ ಮೊದಲು, ಮಾರ್ಚ್ 23ರಂದು, ಶುಕ್ರನು ಭೂಮಿಗೂ ಸೂರ್ಯನಿಗೂ ನಡುವೆ ಹಾದುಹೋದನು. ಆ ವರ್ಷದ ಫೆಬ್ರವರಿಯ ಸಂಜೆಗಳಲ್ಲಿ ಮನೆಯ ಮಾಳಿಗೆಯನ್ನೇರಿದವರಿಗೆಲ್ಲ ಪಶ್ಚಿಮದಲ್ಲಿ ದೀಪದಂತೆ ಉರಿಯುತ್ತಿದ್ದ ಜ್ಯೋತಿಯು ಮಾರ್ಚ್ ತಿಂಗಳಿನಲ್ಲಿ ದಿನದಿನಕ್ಕೂ ದಿಗಂತದತ್ತ ಕುಸಿದು ಕಾಣದಾಯಿತು; ಏಪ್ರಿಲ್ ತಿಂಗಳಿನಲ್ಲಿ ಕತ್ತಲಿರುವಾಗಲೇ ಎದ್ದವರಿಗೆ ಪೂರ್ವದಲ್ಲಿ ಅಷ್ಟೇ ಪ್ರಖರವಾದ ಒಂದು ಜ್ಯೋತಿಯು ಕಾಣಿಸತೊಡಗಿತು. ಪಶ್ಚಿಮದಲ್ಲಿ ಅಸ್ತ, ಪೂರ್ವದಲ್ಲಿ ಉದಯ ಎಂದು ಪಂಚಾಂಗಕಾರರು ಈ ಇಡೀ ವೃತ್ತಾಂತವನ್ನು ಒಂದು ಪಂಕ್ತಿಯಲ್ಲಿ ಮುಗಿಸಿಬಿಡುತ್ತಾರೆ.

ಆ ಪಂಕ್ತಿಯನ್ನು ಓದುವವರು ಮುಹೂರ್ತದ ಚಿಂತೆಯಲ್ಲಿರುವುದರಿಂದ, ಅದರೊಳಗೆ ಅಡಗಿರುವ ಒಂದು ಮಹತ್ತರವಾದ ಪ್ರತಿಜ್ಞೆಯು ಅವರ ಗಮನಕ್ಕೆ ಬಾರದೆ ಹೋಗುತ್ತದೆ. ಸಂಜೆ ಪಡುವಣದಲ್ಲಿ ಮುಳುಗಿದುದಾವುದೋ ಅದೇ ಬೆಳಗಿನಲ್ಲಿ ಮೂಡಣದಲ್ಲಿ ಹುಟ್ಟಿತು ಎಂಬುದು ಆ ಪ್ರತಿಜ್ಞೆ. ಆಗಸವನ್ನು ಕಣ್ಣಿನಿಂದ ಮಾತ್ರ ನೋಡುವವನಿಗೆ ಹೀಗೆನ್ನಲು ಯಾವ ಆಧಾರವೂ ಸಿಕ್ಕುವುದಿಲ್ಲ. ಅವನು ಕಂಡಿರುವುದು ಎರಡು ಬೆಳಕುಗಳನ್ನು: ಒಂದು ಮುಂಜಾವಿನಲ್ಲಿ ಹೊಲಕ್ಕೆ ಹೊರಟವನಿಗೆ ಹೊತ್ತನ್ನು ತಿಳಿಸುವ ಬೆಳ್ಳಿ, ಇನ್ನೊಂದು ದೀಪ ಹಚ್ಚುವ ವೇಳೆಯಲ್ಲಿ ಎಲ್ಲ ತಾರೆಗಳಿಗಿಂತಲೂ ಮೊದಲು ತೋರುವ ಸಂಜೆಯ ಚುಕ್ಕಿ. ಇವೆರಡನ್ನೂ ಏಕಕಾಲದಲ್ಲಿ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದವರು ಯಾರೂ ಇಲ್ಲ. ಹೋಲಿಸುವುದು ಸಾಧ್ಯವೂ ಅಲ್ಲ.

ಹೀಗಿರುವಲ್ಲಿ ‘ಬೆಳ್ಳಿಯೇ ಸಂಜೆಚುಕ್ಕಿ’ ಎಂಬ ವಾಕ್ಯದ ಸ್ವರೂಪವೇನು? ‘ಬೆಳ್ಳಿಯೇ ಬೆಳ್ಳಿ’ ಎಂದರೆ ಯಾರಿಗೂ ಏನೂ ತಿಳಿದಂತಾಗುವುದಿಲ್ಲ. ಅದು ಸತ್ಯವೆಂದು ಅರಿಯಲು ಕಣ್ಣು ಬೇಡ, ಗಣಿತವೂ ಬೇಡ. ‘ಬೆಳ್ಳಿಯೇ ಸಂಜೆಚುಕ್ಕಿ’ ಎಂದರೆ, ಈ ತನಕ ಅರಿಯದಿದ್ದ ಒಂದು ಸಂಗತಿಯು ತಿಳಿದಂತಾಗುತ್ತದೆ. ಆದರೆ ಬೆಳ್ಳಿಯೆಂಬ ಹೆಸರು ಸೂಚಿಸುವ ವಸ್ತುವೂ ಸಂಜೆಚುಕ್ಕಿಯೆಂಬ ಹೆಸರು ಸೂಚಿಸುವ ವಸ್ತುವೂ ಒಂದೇ ಆಗಿದ್ದರೆ, ಎರಡು ವಾಕ್ಯಗಳೂ ಆ ಒಂದೇ ವಸ್ತುವಿನ ವಿಷಯದಲ್ಲಿ ಒಂದೇ ಮಾತನ್ನು, ಅಂದರೆ ಅದು ತನಗೆ ತಾನೇ ಅಭಿನ್ನವೆಂಬ ಮಾತನ್ನು, ಹೇಳಿದಂತಾಗಬೇಕಷ್ಟೆ. ಹಾಗಾದರೆ ಒಂದು ಬರಿದಾಗಿಯೂ ಮತ್ತೊಂದು ಜ್ಞಾನಪ್ರದವಾಗಿಯೂ ಇರುವುದು ಹೇಗೆ?

ಈ ಪ್ರಶ್ನೆಯನ್ನು ಇಷ್ಟು ನಿಶಿತವಾಗಿ ಎತ್ತಿದವನು ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಗಾಟ್ಲೋಬ್ ಫ್ರೇಗೆ. 1892ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಅವನು ಕೊಟ್ಟ ಸಮಾಧಾನವು ಪ್ರಸಿದ್ಧವಾಗಿದೆ. ಆದರೆ ಅದಕ್ಕೆ ಹದಿಮೂರು ವರ್ಷ ಮೊದಲು, 1879ರ ತನ್ನ ತರ್ಕಗ್ರಂಥದಲ್ಲಿ, ಇದೇ ಫ್ರೇಗೆ ಬೇರೊಂದು ಸಮಾಧಾನವನ್ನು ಕೊಟ್ಟಿದ್ದನೆಂಬುದೂ, ಅದನ್ನು ತಾನೇ ಕೈಬಿಡಬೇಕಾಗಿ ಬಂದಿತೆಂಬುದೂ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ತಾದಾತ್ಮ್ಯವಾಕ್ಯವು ವಸ್ತುವನ್ನು ಕುರಿತದ್ದಲ್ಲ, ಹೆಸರುಗಳನ್ನು ಕುರಿತದ್ದು. ‘ಬೆಳ್ಳಿಯೇ ಸಂಜೆಚುಕ್ಕಿ’ ಎಂದರೆ ಈ ಎರಡು ಶಬ್ದಗಳೂ ಒಂದೇ ವಸ್ತುವಿಗೆ ಇಟ್ಟ ಸಂಕೇತಗಳು ಎಂದಷ್ಟೇ ತಾತ್ಪರ್ಯ ಎಂಬುದು ಆ ಮೊದಲಿನ ಅಭಿಪ್ರಾಯ. ಮೇಲುನೋಟಕ್ಕೆ ಇದು ಸಮಂಜಸವೆಂದೇ ತೋರುತ್ತದೆ. ಈಗಲೂ ಈ ಪ್ರಶ್ನೆಯನ್ನು ಹತ್ತು ಮಂದಿಯ ಮುಂದಿಟ್ಟರೆ ಎಂಟು ಮಂದಿ ಇದನ್ನೇ ಹೇಳಿಯಾರು.

ಇದರಲ್ಲಿರುವ ದೋಷವನ್ನು ಕಾಣಬೇಕಾದರೆ ಯೇನಾದವರೆಗೆ ಹೋಗಬೇಕಾಗಿಲ್ಲ; ನಮ್ಮ ಸಂಸ್ಕೃತ ಪಾಠಶಾಲೆಯ ಅಂಗಳದವರೆಗೆ ಹೋದರೆ ಸಾಕು. ಅಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವ ಬಾಲಕನು ಶುಕ್ರ, ದೈತ್ಯಗುರು, ಕಾವ್ಯ, ಉಶನಸ್, ಭಾರ್ಗವ ಎಂಬ ಹೆಸರುಗಳೆಲ್ಲವೂ ಒಬ್ಬನಿಗೇ ಸಲ್ಲುತ್ತವೆಂದು ಕಲಿಯುತ್ತಾನೆ. ಅವನು ಹೀಗೆ ಕಲಿತದ್ದು ನಿಜಕ್ಕೂ ಹೆಸರುಗಳ ವಿಷಯ. ಹಿರಿಯರು ಶಬ್ದಗಳನ್ನು ಹೇಗೆ ಬಳಸಿದರೆಂಬುದರ ವಿಷಯ. ಅದನ್ನು ಕಲಿಯಲು ಅವನು ಒಂದು ರಾತ್ರಿಯೂ ಆಕಾಶವನ್ನು ನೋಡಬೇಕಾಗಿಲ್ಲ, ಗುರುಗಳು ಹೇಳಿಕೊಟ್ಟರೆ ಸಾಕು. ನಾಳೆ ಇನ್ನೊಬ್ಬ ಕೋಶಕಾರನು ಶುಕ್ರನಿಗೆ ಹೊಸದೊಂದು ಹೆಸರನ್ನು ಇಟ್ಟನೆಂದರೆ, ಬಾಲಕನ ಪಟ್ಟಿ ಒಂದು ಶಬ್ದದಷ್ಟು ಉದ್ದವಾಗುತ್ತದೆಯೇ ವಿನಾ ಲೋಕದ ವಿಷಯದಲ್ಲಿ ಅವನ ಅರಿವು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಆದರೆ ಬೆಳ್ಳಿಯೇ ಸಂಜೆಚುಕ್ಕಿಯೆಂದು ಮೊದಲು ಕಂಡುಕೊಂಡವನು ಕೋಶವನ್ನು ತಿರುವಿಹಾಕಿದವನಲ್ಲ. ಯಾವ ಶಬ್ದವನ್ನು ಯಾವ ವಸ್ತುವಿಗೆ ಇಡಬೇಕೆಂಬುದು ಮನುಷ್ಯರ ಇಚ್ಛೆಗೆ ಸೇರಿದ್ದು. ಪಶ್ಚಿಮದಲ್ಲಿ ಮುಳುಗಿದುದು ಪೂರ್ವದಲ್ಲಿ ಏಳುವುದು ಯಾರ ಇಚ್ಛೆಗೂ ಸೇರಿದ್ದಲ್ಲ. ಹೆಸರುಗಳ ಸಿದ್ಧಾಂತವು ಈ ಎರಡು ಬಗೆಯ ಅರಿವುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿಬಿಡುತ್ತದೆ. 1892ರ ಲೇಖನದ ಪ್ರಾರಂಭದಲ್ಲೇ ಫ್ರೇಗೆ ತನ್ನ ಹಳೆಯ ಮತವನ್ನು ತೊರೆದದ್ದು ಇದೇ ಕಾರಣದಿಂದ.

ಅವನ ಹೊಸ ಸಮಾಧಾನವು ಹೀಗಿದೆ. ಹೆಸರಿಗೂ ವಸ್ತುವಿಗೂ ನಡುವೆ ಮೂರನೆಯದೊಂದುಂಟು. ಹೆಸರು ಯಾವ ವಸ್ತುವನ್ನು ಮುಟ್ಟುತ್ತದೆಯೋ ಅದು ನಿರ್ದೇಶ್ಯ; ಆ ವಸ್ತುವನ್ನು ಯಾವ ಬಗೆಯಲ್ಲಿ ನಮ್ಮ ಬುದ್ಧಿಯ ಮುಂದೆ ತಂದು ನಿಲ್ಲಿಸುತ್ತದೆಯೋ ಅದು ಅರ್ಥಪ್ರಕಾರ. ‘ಅರ್ಥ’ವೆಂದಷ್ಟೇ ಹೇಳಬಹುದಾಗಿತ್ತು, ಆದರೆ ನಮ್ಮ ಶಾಸ್ತ್ರಗಳಲ್ಲಿ ಆ ಶಬ್ದವು ವಸ್ತುವಿಗೇ ಸಲ್ಲುವುದರಿಂದ ಗೊಂದಲವಾದೀತೆಂದು ಈ ಉದ್ದದ ಪದವನ್ನು ಹಿಡಿದಿದ್ದೇನೆ. ಬೆಳ್ಳಿ, ಸಂಜೆಚುಕ್ಕಿ ಎಂಬ ಎರಡು ಹೆಸರುಗಳ ನಿರ್ದೇಶ್ಯವು ಒಂದೇ. ಅರ್ಥಪ್ರಕಾರಗಳು ಬೇರೆ ಬೇರೆ. ಒಂದು ವಸ್ತುವನ್ನು ಸೂರ್ಯೋದಯಕ್ಕೆ ಮೊದಲು ಪೂರ್ವದಲ್ಲಿ ಬೆಳಗುವುದಾಗಿ ತೋರಿಸುತ್ತದೆ. ಇನ್ನೊಂದು ಸೂರ್ಯಾಸ್ತದ ತರುವಾಯ ಪಶ್ಚಿಮದಲ್ಲಿ ಬೆಳಗುವುದಾಗಿ ತೋರಿಸುತ್ತದೆ. ಈ ಎರಡು ಬಗೆಗಳಿಂದ ಹೊರಟ ಬುದ್ಧಿಯು ಒಂದೇ ನೆಲೆಯನ್ನು ಸೇರುತ್ತದೆಂಬುದೇ ವಾಕ್ಯವು ತಿಳಿಸುವ ಹೊಸ ಸಂಗತಿ. ‘ಬೆಳ್ಳಿಯೇ ಬೆಳ್ಳಿ’ ಎಂಬಲ್ಲಿ ಬಗೆಯೂ ಒಂದೇ ಆದುದರಿಂದ ತಿಳಿಸತಕ್ಕದ್ದೇನೂ ಉಳಿಯುವುದಿಲ್ಲ.

ಅರ್ಥಪ್ರಕಾರವೆಂಬುದು ಒಬ್ಬೊಬ್ಬರ ಮನಸ್ಸಿನಲ್ಲಿ ಮೂಡುವ ಚಿತ್ರವೆಂದು ಯಾರೂ ಭಾವಿಸಬಾರದೆಂದು ಫ್ರೇಗೆಯೇ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾನೆ. ದೂರದರ್ಶಕದಲ್ಲಿ ಚಂದ್ರನನ್ನು ನೋಡುವಾಗ ಚಂದ್ರನೇ ನಿರ್ದೇಶ್ಯ. ಕಣ್ಣಿನೊಳಗಣ ಬಿಂಬವು ಆಯಾ ನೋಟಕನ ಸ್ವಂತದ್ದು. ಇವೆರಡರ ನಡುವೆ ದೂರದರ್ಶಕದ ಮಸೂರದೊಳಗೆ ಮೂಡಿದ ಬಿಂಬವೊಂದುಂಟು. ಅದು ಚಂದ್ರನಲ್ಲ, ಒಂದು ದಿಕ್ಕಿನಿಂದ ಕಂಡ ನೋಟ ಮಾತ್ರ. ಆದರೂ ಸರದಿಯಲ್ಲಿ ನಿಂತ ಹತ್ತು ಮಂದಿಗೂ ಅದು ಸಮಾನವಾಗಿ ಸಲ್ಲುತ್ತದೆ. ಅರ್ಥಪ್ರಕಾರವು ಅಂಥದು: ವಸ್ತುವಿನಷ್ಟು ಪೂರ್ಣವಲ್ಲ, ಮನೋಭಾವದಷ್ಟು ಖಾಸಗಿಯಲ್ಲ.

ಇನ್ನು ಈ ಸಂಗತಿಯು ಹೊಸತೆಂದು ಹೇಳುವುದಷ್ಟೇ ಸಾಲದು. ಅದನ್ನು ಗಳಿಸಲು ಎಷ್ಟು ದುಡಿಯಬೇಕಾಗುತ್ತದೆಂಬುದನ್ನು ನೋಡಿದರೆ ಅದರ ಬೆಲೆ ಅರಿವಾದೀತು. ಮೈಸೂರಿನ ಒಂದು ಮಾಳಿಗೆಯ ಮೇಲೆ ಕುಳಿತು, ಪುಸ್ತಕದ ಸಹಾಯವಿಲ್ಲದೆ, ಇವೆರಡೂ ಒಂದೇ ಎಂದು ಒಬ್ಬನು ನಿಶ್ಚಯಿಸಬೇಕಾಗಿದೆಯೆಂದು ಊಹಿಸಿಕೊಳ್ಳೋಣ. ಅವನು ಗಮನಿಸುವ ಮೊದಲ ಅಂಶ, ಸಂಜೆಚುಕ್ಕಿಯು ಕಾಣುತ್ತಿರುವ ತಿಂಗಳುಗಳಲ್ಲಿ ಬೆಳ್ಳಿಯು ಕಾಣುವುದಿಲ್ಲ, ಬೆಳ್ಳಿಯು ಕಾಣುವಾಗ ಸಂಜೆಚುಕ್ಕಿಯು ಕಾಣುವುದಿಲ್ಲವೆಂಬುದು. ಎರಡನೆಯದಾಗಿ, ಎರಡೂ ಸೂರ್ಯನಿಂದ ಸುಮಾರು 47 ಅಂಶಗಳಿಗಿಂತ ಆಚೆಗೆ ಸರಿಯುವುದಿಲ್ಲ; ಆದಕಾರಣ ನಡುರಾತ್ರಿಯಲ್ಲಿ ನೆತ್ತಿಯ ಮೇಲೆ ಇವುಗಳನ್ನು ಯಾರೂ ಕಂಡವರಿಲ್ಲ. ಮೂರನೆಯದಾಗಿ, ಸಂಜೆಚುಕ್ಕಿಯು ತನ್ನ ಕೊನೆಯ ವಾರಗಳಲ್ಲಿ ವಕ್ರಗತಿಯಿಂದ ವೇಗವಾಗಿ ಸೂರ್ಯನತ್ತ ಬಿದ್ದು ಮರೆಯಾದ ಕೆಲವೇ ದಿನಗಳಲ್ಲಿ, ಬೆಳ್ಳಿಯು ಅದೇ ವಕ್ರಗತಿಯಿಂದ, ಅದೇ ವೇಗದಿಂದ ಸೂರ್ಯನ ಇನ್ನೊಂದು ಪಾರ್ಶ್ವದಲ್ಲಿ ಹೊರಬೀಳುತ್ತದೆ. ಎಂಟು ಒಂಬತ್ತು ತಿಂಗಳು ಬೆಳಗಿದ ಮೇಲೆ ಬೆಳ್ಳಿಯು ಮತ್ತೆ ಸೂರ್ಯನೊಳಗೆ ಸೇರಿದಾಗಲಾದರೋ, ಸಂಜೆಚುಕ್ಕಿಯು ಮರಳಿ ಬರಲು ಸುಮಾರು ಎರಡು ತಿಂಗಳೇ ಬೇಕಾಗುತ್ತದೆ.

ಇವೆಲ್ಲವೂ ಬಲವಾದ ಸೂಚನೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದೊಂದಾಗಿ ನೋಡಿದರೆ ಯಾವುದೂ ನಿರ್ಣಾಯಕವಲ್ಲ. ಸೂರ್ಯನ ಎರಡು ಪಕ್ಕಗಳಲ್ಲಿ ಸರದಿಯಂತೆ ಕಾವಲು ನಿಲ್ಲುವ ಇಬ್ಬರು ಸಹೋದರರಿದ್ದಾರೆಂದು ಯಾರಾದರೂ ವಾದಿಸಿದರೆ, ಮೇಲಿನ ಮೊದಲ ಅಂಶವು ಅವನ ಪಕ್ಷಕ್ಕೂ ಹೊಂದಿಕೊಳ್ಳುತ್ತದೆ. ಅಷ್ಟೇ ಅಲ್ಲ, ಆ ಮೊದಲ ಅಂಶವು ಎಲ್ಲ ದೇಶಗಳಲ್ಲೂ ನಿಜವೂ ಅಲ್ಲ: 2025ರ ಮಾರ್ಚ್ ತಿಂಗಳಿನಂತೆ ಶುಕ್ರನು ಸೂರ್ಯನಿಗೆ ಸುಮಾರು ಎಂಟು ಅಂಶಗಳಷ್ಟು ಉತ್ತರಕ್ಕೆ ಸರಿದು ಹಾದುಹೋಗುವಾಗ, ಉತ್ತರದ ಶೀತದೇಶಗಳವರು ಕೆಲವು ದಿನ ಅವನನ್ನು ಬೆಳಗಿನಲ್ಲಿಯೂ ಅದೇ ದಿನದ ಸಂಜೆಯಲ್ಲಿಯೂ ಕಾಣಬಲ್ಲರು. ಭೂಮಧ್ಯರೇಖೆಗೆ ಸಮೀಪದಲ್ಲಿರುವ ನಮಗೆ ಆ ಭಾಗ್ಯವಿಲ್ಲ. ‘ಒಂದಿದ್ದಾಗ ಇನ್ನೊಂದಿಲ್ಲ’ ಎಂಬುದರ ಮೇಲೆಯೇ ತನ್ನ ವಾದವನ್ನೆಲ್ಲ ಕಟ್ಟಿದ ಮೈಸೂರಿನವನು ಅಂಥ ದೇಶಕ್ಕೆ ಹೋದರೆ ತಾನು ಕಟ್ಟಿದ್ದು ಕುಸಿಯಿತೆಂದೇ ಗಾಬರಿಗೊಂಡಾನು.

ನಿಶ್ಚಯವನ್ನು ತರತಕ್ಕದ್ದು ಗಣಿತ. ಸೂರ್ಯಸಿದ್ಧಾಂತದಲ್ಲಿ 43,20,000 ಸೌರವರ್ಷಗಳ ಒಂದು ಮಹಾಯುಗಕ್ಕೆ ಶುಕ್ರನ ಶೀಘ್ರವು 70,22,376 ಭಗಣಗಳನ್ನು ಮುಗಿಸುತ್ತದೆಂದು ಒಂದೇ ಒಂದು ಸಂಖ್ಯೆಯನ್ನು ಕೊಟ್ಟಿದೆ. ಇದರಿಂದ ಸೂರ್ಯನ ಭಗಣಗಳನ್ನು ಕಳೆದರೆ ಒಂದು ಯುಗದಲ್ಲಿ ಶುಕ್ರನು ಸೂರ್ಯನೊಡನೆ ಇಂಥ ಪೂರ್ಣಚಕ್ರವನ್ನು ಎಷ್ಟು ಸಲ ಮುಗಿಸುತ್ತಾನೆಂಬುದು ದೊರೆಯುತ್ತದೆ. ಲೆಕ್ಕ ಹಾಕಿದರೆ ಒಂದು ಚಕ್ರಕ್ಕೆ ಸುಮಾರು 584 ದಿನ. ಸಂಜೆಯ ದರ್ಶನಕ್ಕೊಂದು ಸಂಖ್ಯೆ, ಬೆಳಗಿನ ದರ್ಶನಕ್ಕೊಂದು ಸಂಖ್ಯೆ ಎಂದು ಎರಡನ್ನು ಇಟ್ಟಿಲ್ಲವೆಂಬುದನ್ನು ಗಮನಿಸಬೇಕು. ಒಂದೇ ಸಂಖ್ಯೆಯಿಂದ ಹೊರಟು, ಎರಡು ದಿಕ್ಕಿನ ಅಸ್ತಗಳನ್ನೂ ಎರಡು ದಿಕ್ಕಿನ ಉದಯಗಳನ್ನೂ ಮುಂಚಿತವಾಗಿ ಹೇಳುವುದು ಸಾಧ್ಯವಾಗಿದೆ. ಎಂಟು ವರ್ಷಗಳಿಗೆ ಎರಡು ಮೂರು ದಿನ ಕಡಮೆಯಾದ ಅವಧಿಯಲ್ಲಿ ಇಂಥ ಐದು ಚಕ್ರಗಳು ಮುಗಿದು ಇಡೀ ಕ್ರಮವು ಮರುಕಳಿಸುತ್ತದೆ. ಇಬ್ಬರು ಸಹೋದರರ ಪಕ್ಷದವನೂ ಲೆಕ್ಕವನ್ನು ಹೊಂದಿಸಬಹುದು. ಆದರೆ ಅವರಿಬ್ಬರೂ ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು ಕಾಲಿಡುವುದೇಕೆಂದು ಅವನು ಹೇಳಲಾರ. ಅದೇ ಗ್ರಂಥವು ಇನ್ನೂ ಒಂದು ಸೂಕ್ಷ್ಮವನ್ನು ಹೇಳಿದೆ: ಶುಕ್ರನು ಪಶ್ಚಿಮದಲ್ಲಿ ಅಸ್ತನಾಗಿ ಪೂರ್ವದಲ್ಲಿ ಉದಯಿಸುವಾಗ ಅವನ ಬಿಂಬವು ದೊಡ್ಡದಾಗಿರುವುದರಿಂದ ಸೂರ್ಯನಿಗೆ 8 ಕಾಲಾಂಶಗಳಷ್ಟು, ಅಂದರೆ ಅಸ್ತೋದಯಗಳಲ್ಲಿ ಸುಮಾರು 32 ನಿಮಿಷಗಳ ಅಂತರದಷ್ಟು, ಸಮೀಪದವರೆಗೂ ಕಾಣುತ್ತಾನೆ, ಪೂರ್ವದಲ್ಲಿ ಅಸ್ತನಾಗಿ ಪಶ್ಚಿಮದಲ್ಲಿ ಉದಯಿಸುವಾಗ ಬಿಂಬವು ಕಿರಿದಾಗಿರುವುದರಿಂದ 10 ಕಾಲಾಂಶಗಳು ಬೇಕು. ಒಂದೇ ವಸ್ತುವು ಹತ್ತಿರ ಬಂದಾಗ ದೊಡ್ಡದಾಗಿಯೂ ದೂರ ಹೋದಾಗ ಚಿಕ್ಕದಾಗಿಯೂ ತೋರುತ್ತದೆಂಬ ಮಾತಿಗೆ, ಅದು ಒಂದೇ ವಸ್ತುವೆಂಬ ನಿಶ್ಚಯವಿಲ್ಲದೆ ಅರ್ಥವೇ ಇರಲಾರದು.

ಈ ಚಕ್ರದ ಕೀಲನ್ನೇ ಕಣ್ಣಾರೆ ಕಾಣುವ ಅವಕಾಶವು ನಮ್ಮ ಕಾಲದಲ್ಲಿ ಎರಡು ಸಲ ಒದಗಿತು. 2004ರ ಜೂನ್ 8ರಂದೂ 2012ರ ಜೂನ್ 6ರಂದೂ ಶುಕ್ರನು ಸೂರ್ಯಬಿಂಬದ ಮೇಲೆಯೇ ಕರಿಯ ಬೊಟ್ಟಾಗಿ ಹಾದುಹೋದನು. ಎರಡನೆಯ ಸಲ ಸೂರ್ಯನು ಆ ಬೊಟ್ಟನ್ನು ಧರಿಸಿಕೊಂಡೇ ಭಾರತದಲ್ಲಿ ಉದಯಿಸಿದನು, ಹತ್ತೂಕಾಲು ಹತ್ತೂವರೆಯ ನಡುವೆ ಅದು ಬಿಂಬದಿಂದ ಜಾರಿಹೋಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಸಂಜೆಚುಕ್ಕಿಯಾಗಿದ್ದುದು ಜೂನ್ ಮುಗಿಯುವುದರೊಳಗೆ ಬೆಳ್ಳಿಯಾಯಿತು. ನಡುವೆ ಒಂದು ಬೆಳಗಿನ ಮಟ್ಟಿಗೆ ಅದು ಎರಡೂ ಅಲ್ಲದೆ ಕರಿಯ ಚುಕ್ಕೆಯಾಗಿತ್ತು. ಇದನ್ನು ಕಂಡ ಮೇಲೆ ಸಮಸ್ಯೆಯು ಮುಗಿಯಿತೆಂದು ಭಾವಿಸುವವರು ಸ್ವಲ್ಪ ತಾಳಬೇಕು. ಆ ಕರಿಯ ಚುಕ್ಕೆಯೇ ಸಂಜೆಚುಕ್ಕಿಯೆಂಬುದನ್ನು ಕಣ್ಣು ಹೇಳುವುದಿಲ್ಲ, ಗಣಿತವೇ ಹೇಳಬೇಕು. ಕಣ್ಣಿನ ಸಾಕ್ಷ್ಯದಿಂದ ದೊರಕಿದ್ದು ಅದೇ ನಿರ್ದೇಶ್ಯದ ಮೂರನೆಯ ಅರ್ಥಪ್ರಕಾರವೊಂದು. ‘ಈ ಚುಕ್ಕೆಯೇ ಬೆಳ್ಳಿ’ ಎಂಬ ಮಾತು ತಾನೂ ಇನ್ನೊಂದು ಜ್ಞಾನಪ್ರದವಾದ ತಾದಾತ್ಮ್ಯವಾಕ್ಯವಾಗಿ ನಮ್ಮ ಮುಂದೆ ನಿಲ್ಲುತ್ತದೆ.

ಎರಡು ಹೆಸರುಗಳಿದ್ದರೆ ಮಾತ್ರ ಇಂಥ ಪ್ರಶ್ನೆ ಏಳುತ್ತದೆಂಬುದೂ ಸರಿಯಲ್ಲ. ದಿನದಿನವೂ ಹುಟ್ಟುವ ಸೂರ್ಯನು ಹೊಸಬನಲ್ಲ, ಒಬ್ಬನೇ ಎಂಬುದು ಖಗೋಳಶಾಸ್ತ್ರದ ಅತ್ಯಂತ ಫಲವತ್ತಾದ ಶೋಧನೆಗಳಲ್ಲಿ ಒಂದೆಂದು ಫ್ರೇಗೆ ಹೇಳಿದ್ದಾನೆ. ಓದುವವರಿಗೆ ಇದು ಉತ್ಪ್ರೇಕ್ಷೆಯೆನಿಸಬಹುದು. ಆದರೆ ಶ್ರವಣಬೆಳಗೊಳದ ನಾಡಿನವರಾದ ನಮಗೆ ಹಾಗನಿಸಬಾರದು. ಜೈನರ ಪ್ರಾಚೀನ ಲೋಕವಿವರಣೆಯಲ್ಲಿ ಜಂಬೂದ್ವೀಪಕ್ಕೆ ಸೂರ್ಯರು ಇಬ್ಬರು, ಚಂದ್ರರು ಇಬ್ಬರು. ಅವರು ಮೇರುವನ್ನು ಸುತ್ತುತ್ತ ಸರದಿಯಂತೆ ನಮಗೆ ಕಾಣಿಸಿಕೊಳ್ಳುತ್ತಾರೆ. ಅದರ ಪ್ರಕಾರ ಇಂದು ಹುಟ್ಟಿದ ಸೂರ್ಯನು ನಿನ್ನೆಯವನಲ್ಲ, ಮೊನ್ನೆಯವನು. ವರಾಹಮಿಹಿರ, ಬ್ರಹ್ಮಗುಪ್ತರಂಥ ಜ್ಯೋತಿಷಿಗಳು ಇದನ್ನು ಖಂಡಿಸಲು ಶ್ರಮಪಟ್ಟರು. ನಿನ್ನೆಯ ಸೂರ್ಯನೇ ಇಂದಿನ ಸೂರ್ಯನೆಂಬ ಮಾತನ್ನು ಒಬ್ಬರು ಅಲ್ಲಗಳೆಯಬಹುದಾಗಿದ್ದಿತು, ಇನ್ನೊಬ್ಬರು ಯುಕ್ತಿಗಳಿಂದ ಸ್ಥಾಪಿಸಬೇಕಾಗಿದ್ದಿತು ಎಂಬುದೊಂದೇ ಅದು ಬರಿಯ ಪುನರುಕ್ತಿಯಲ್ಲವೆಂಬುದಕ್ಕೆ ಸಾಕಾದ ಪ್ರಮಾಣ.

ಇಷ್ಟು ಹೊತ್ತು ಯೇನಾದ ಪಂಡಿತನನ್ನೇ ಮುಂದಿಟ್ಟುಕೊಂಡು ಮಾತಾಡಿದ್ದಾಯಿತು. ಆದರೆ ನಮ್ಮ ಊರಿಗೆ ಉತ್ತರದಲ್ಲಿ, ಒಂದೆರಡು ಗಂಟೆಗಳ ದಾರಿಯಲ್ಲಿರುವ ಮೇಲುಕೋಟೆಯಲ್ಲಿ, ವೇದಾಂತದ ಪಾಠ ಹೇಳಿಸಿಕೊಂಡವರು ಈ ವಿಚಾರವನ್ನು ಕೇಳಿದರೆ, ಇದು ತಮಗೆ ಅಪರಿಚಿತವಲ್ಲವೆನ್ನುವರು. ಛಾಂದೋಗ್ಯದ ಮಹಾವಾಕ್ಯವೂ ಒಂದು ತಾದಾತ್ಮ್ಯವಾಕ್ಯವೇ ಆದುದರಿಂದ, ಇಂಥ ವಾಕ್ಯಗಳು ಏನನ್ನು ತಿಳಿಸುತ್ತವೆಂಬುದು ನಮ್ಮಲ್ಲಿ ಶತಮಾನಗಳ ಕಾಲ ನಡೆದ ವಿವಾದ. ಅದ್ವೈತಿಗಳು ಇದಕ್ಕೆ ಹೇಳುವ ದೃಷ್ಟಾಂತವು ಪ್ರಸಿದ್ಧ: ಹಿಂದೆ ಬೇರೊಂದೂರಿನಲ್ಲಿ ಕಂಡಿದ್ದ ಆ ದೇವದತ್ತನೇ ಈಗ ಎದುರಿಗಿರುವ ಈತ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ಸಂಪಾದಿಸಿ ಇಂಗ್ಲಿಷಿಗೆ ತಂದ ಸದಾನಂದನ ವೇದಾಂತಸಾರದಲ್ಲಿ ಇದರ ವಿವರಣೆಯು ಸ್ಪಷ್ಟವಾಗಿದೆ. ‘ಆ’ ಎಂಬುದು ಅಂದಿನ ದೇಶಕಾಲಗಳಿಂದ ಕೂಡಿದವನನ್ನು, ‘ಈ’ ಎಂಬುದು ಇಂದಿನ ದೇಶಕಾಲಗಳಿಂದ ಕೂಡಿದವನನ್ನು ಹೇಳುತ್ತದೆ; ಈ ಎರಡು ವಿಶೇಷಣಗಳೂ ಪರಸ್ಪರ ವಿರುದ್ಧವಾದುದರಿಂದ, ವಿರುದ್ಧವಾದ ಭಾಗಗಳನ್ನು ಬಿಟ್ಟು ಉಳಿದ ದೇವದತ್ತನೆಂಬ ವಸ್ತುಮಾತ್ರವನ್ನು ಲಕ್ಷಣೆಯಿಂದ ಗ್ರಹಿಸಬೇಕು ಎಂದು ಅದ್ವೈತಿಗಳ ಮತ.

ಮೇಲುಕೋಟೆಯಲ್ಲಿ ತಿರುನಾರಾಯಣನ ಸನ್ನಿಧಿಯನ್ನು ಪುನರುದ್ಧಾರ ಮಾಡಿದರೆಂದು ಖ್ಯಾತರಾದ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಇದನ್ನು ಒಪ್ಪುವುದಿಲ್ಲ. ಅವರು ಎತ್ತುವ ಆಕ್ಷೇಪಗಳಲ್ಲಿ ಎರಡು ನಮ್ಮ ಪ್ರಕೃತ ವಿಷಯಕ್ಕೆ ನೇರವಾಗಿ ತಾಗುತ್ತವೆ. ಒಂದು, ಇಲ್ಲಿ ವಿರೋಧವೇ ಇಲ್ಲ. ಒಬ್ಬನು ಒಂದು ಕಾಲದಲ್ಲಿ ಒಂದು ದೇಶದಲ್ಲಿಯೂ ಇನ್ನೊಂದು ಕಾಲದಲ್ಲಿ ಇನ್ನೊಂದು ದೇಶದಲ್ಲಿಯೂ ಇರುವುದರಲ್ಲಿ ಅಸಂಗತವಾದುದೇನೂ ಇಲ್ಲ, ಆದುದರಿಂದ ಏನನ್ನೂ ಬಿಡಬೇಕಾಗಿಲ್ಲ. ಎರಡನೆಯದು ಇನ್ನೂ ಗಂಭೀರವಾದದ್ದು. ವೈಯಾಕರಣರು ಸಾಮಾನಾಧಿಕರಣ್ಯವೆಂದು ಕರೆಯುವ ಅನ್ವಯದಲ್ಲಿ, ಬೇರೆ ಬೇರೆ ಪ್ರವೃತ್ತಿನಿಮಿತ್ತಗಳುಳ್ಳ ಶಬ್ದಗಳು ಒಂದೇ ವಸ್ತುವಿನಲ್ಲಿ ನೆಲೆಗೊಳ್ಳಬೇಕು. ಪ್ರವೃತ್ತಿನಿಮಿತ್ತವೆಂದರೆ ಯಾವುದನ್ನು ಹಿಡಿದು ಆ ಶಬ್ದವು ಆ ವಸ್ತುವಿನಲ್ಲಿ ಪ್ರವರ್ತಿಸುತ್ತದೆಯೋ ಅದು. ವಿಶೇಷಣಗಳನ್ನೆಲ್ಲ ತ್ಯಜಿಸಿದರೆ ನಿಮಿತ್ತಗಳ ಭೇದವೇ ಹೋಗುತ್ತದೆ. ನಿಮಿತ್ತಭೇದವು ಹೋದರೆ ಅದು ಸಾಮಾನಾಧಿಕರಣ್ಯವೇ ಆಗಲಾರದು. ಇದನ್ನು ನಮ್ಮ ಗ್ರಹಕ್ಕೆ ಅನ್ವಯಿಸಿ ನೋಡಬಹುದು. ಬೆಳ್ಳಿಯಿಂದ ಬೆಳಗನ್ನೂ ಪೂರ್ವವನ್ನೂ, ಸಂಜೆಚುಕ್ಕಿಯಿಂದ ಸಂಜೆಯನ್ನೂ ಪಶ್ಚಿಮವನ್ನೂ ಕಳೆದು, ಉಳಿದ ವಸ್ತುಮಾತ್ರವನ್ನು ಇಟ್ಟುಕೊಂಡು ವಾಕ್ಯವನ್ನು ಓದಿದರೆ, ಅದು ‘ಇದೇ ಇದು’ ಎಂಬಷ್ಟಕ್ಕೆ ಇಳಿದುಬಿಡುತ್ತದೆ. ಅರ್ಥಪ್ರಕಾರವನ್ನು ತೆಗೆದುಹಾಕಿ ನಿರ್ದೇಶ್ಯವನ್ನು ಮಾತ್ರ ಉಳಿಸಿದರೆ ತಾದಾತ್ಮ್ಯವಾಕ್ಯವು ಬರಿದಾಗುತ್ತದೆಂಬ ಫ್ರೇಗೆಯ ಮಾತಿನ ಹುರುಳೂ ಇದೇ ಆಗಿದೆ.

ಅದ್ವೈತಿಗಳು ಇದಕ್ಕೆ ನಿರುತ್ತರರಾಗುವವರಲ್ಲ. ವಾಕ್ಯದ ಫಲವು ಹೊಸದೊಂದು ವಿಶೇಷವನ್ನು ತಿಳಿಸುವುದಲ್ಲ, ಇವರಿಬ್ಬರೂ ಬೇರೆಯೆಂಬ ಭ್ರಾಂತಿಯನ್ನು ನೀಗುವುದು. ಭ್ರಾಂತಿಯಿದ್ದವನಿಗೆ ಮಾತ್ರ ವಾಕ್ಯವು ಬೇಕು, ಅದು ತೊಲಗಿದ ಮೇಲೆ ವಸ್ತುಮಾತ್ರವು ಉಳಿದರೆ ನಷ್ಟವೇನೆಂದು ಅವರು ಕೇಳುವರು. ಈ ಉತ್ತರದಲ್ಲಿ ತಿರುಳುಂಟು. ಆದರೆ ಭ್ರಾಂತಿಯು ಹುಟ್ಟಬೇಕಾದರೂ ವಸ್ತುವು ಎರಡು ಬಗೆಯಲ್ಲಿ ತೋರಿರಬೇಕಾದುದರಿಂದ, ರಾಮಾನುಜರ ಪಕ್ಷವೇ ನನಗೆ ಹೆಚ್ಚು ಸಾಧುವೆಂದು ತೋರುತ್ತದೆ. ಭಾಷೆಯ ವಿಚಾರದ ಮಟ್ಟಿಗೆ ಮಾತ್ರ, ಮೋಕ್ಷದ ವಿಚಾರವು ಈ ಅಂಕಣದ ಅಧಿಕಾರಕ್ಕೆ ಹೊರಗಿನದು. ಪ್ರವೃತ್ತಿನಿಮಿತ್ತವನ್ನೂ ಫ್ರೇಗೆಯ ಅರ್ಥಪ್ರಕಾರವನ್ನೂ ಒಂದೇ ಎಂದು ಅಂಟಿಸಿಬಿಡುವುದೂ ಅವಸರವಾದೀತು: ಮೊದಲಿನದು ವಸ್ತುವಿನಲ್ಲಿರುವ ಧರ್ಮ, ಎರಡನೆಯದು ವಸ್ತುವಿನಲ್ಲಿಯೂ ಇಲ್ಲದ, ಮನಸ್ಸಿನಲ್ಲಿಯೂ ಇಲ್ಲದ, ಬುದ್ಧಿಗೆ ಮಾತ್ರ ಗೋಚರವಾಗುವ ಪದಾರ್ಥವೆಂದು ಫ್ರೇಗೆಯ ಎಣಿಕೆ.

ಈ ಭೇದವು ನಿತ್ಯವ್ಯವಹಾರದಲ್ಲಿ ಎಲ್ಲಿ ಕಾಣಬರುತ್ತದೆಯೆಂದು ಕೇಳುವವರಿಗೆ ಮದುವೆಯ ಮಾತನ್ನೇ ಹೇಳಬಹುದು. ಮಗಳ ಲಗ್ನವನ್ನು ಗೊತ್ತುಮಾಡಬೇಕಾಗಿರುವ ಗೃಹಸ್ಥನೊಬ್ಬನು ಬೆಳಗಿನ ಜಾವ ಹಿತ್ತಲಿಗೆ ಬಂದು, ಪೂರ್ವದಲ್ಲಿ ಬೆಳ್ಳಿಯನ್ನು ಕಣ್ತುಂಬ ನೋಡಿ, ಸ್ನಾನ ಮುಗಿಸಿ ಪುರೋಹಿತರ ಮನೆಗೆ ಹೋಗಿ, “ಶಾಸ್ತ್ರಿಗಳೇ, ಶುಕ್ರೋದಯ ಆಯಿತೋ ಇಲ್ಲವೋ?” ಎಂದು ಕೇಳಿದನೆನ್ನಿ. “ಬೆಳಿಗ್ಗೆ ಎದ್ದು ಪೂರ್ವದ ಕಡೆ ನೋಡಲಿಲ್ಲವೇ ಸ್ವಾಮಿ? ಆ ಬೆಳ್ಳಿಯೇ ಶುಕ್ರ” ಎಂದು ಅವರು ನಕ್ಕಾರು. ಬೆಳ್ಳಿಯು ಮೂಡಿದೆಯೆಂದು ಗೃಹಸ್ಥನು ನಂಬಿದ್ದನು. ಶುಕ್ರನು ಮೂಡಿದ್ದಾನೆಂದು ನಂಬಿರಲಿಲ್ಲ. ಎರಡು ಹೆಸರುಗಳ ನಿರ್ದೇಶ್ಯವೂ ಒಂದೇ ಆಗಿದ್ದರೂ, ‘ನಂಬಿದ್ದನು’ ಎಂಬ ಕ್ರಿಯಾಪದದ ಅಧೀನದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಸತ್ಯವಾದ ವಾಕ್ಯವು ಅಸತ್ಯವಾಗಿಬಿಡುತ್ತದೆ. ಅಂಥ ಎಡೆಗಳಲ್ಲಿ ಹೆಸರು ವಸ್ತುವನ್ನು ಸೂಚಿಸದೆ ತನ್ನ ಅರ್ಥಪ್ರಕಾರವನ್ನೇ ಸೂಚಿಸುತ್ತದೆಂದು ಫ್ರೇಗೆ ಹೇಳುತ್ತಾನೆ. ಒಬ್ಬ ಮನುಷ್ಯನು ಏನನ್ನು ನಂಬಿದ್ದನೆಂಬುದನ್ನು ವರದಿ ಮಾಡುವ ಸಾಕ್ಷಿಗಳಿಗೂ ವಕೀಲರಿಗೂ ಈ ಸೂಕ್ಷ್ಮವು ಉಪಯೋಗಕ್ಕೆ ಬಂದೀತು.

ಆದರೆ ಫ್ರೇಗೆಯ ಮತದಲ್ಲಿ ಬಿಗಿಯಾಗದ ಗಂಟೊಂದು ಉಳಿದಿದೆ. ಅಂಕಿತನಾಮವೊಂದರ ಅರ್ಥಪ್ರಕಾರವೆಂದರೆ ಯಾವುದು? ಬೆಳ್ಳಿಯೆಂದರೆ ‘ಬೆಳಗಿನಲ್ಲಿ ಪೂರ್ವದಲ್ಲಿ ಕಾಣುವುದು’ ಎಂಬ ವರ್ಣನೆಯೇ ಆ ಹೆಸರಿನ ಸರ್ವಸ್ವವೆನ್ನೋಣವೆಂದರೆ, ಯಾವುದೋ ಕಾರಣದಿಂದ ಅದು ಬೆಳಗಿನಲ್ಲಿ ಕಾಣದೇ ಹೋಗಿದ್ದಿದ್ದರೆ ಬೆಳ್ಳಿಯು ಬೆಳ್ಳಿಯೇ ಆಗಿರುತ್ತಿರಲಿಲ್ಲವೆನ್ನಬೇಕಾಗುತ್ತದೆ. ಹಾಗೆ ಯಾರೂ ಮಾತಾಡುವುದಿಲ್ಲ. 1970ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ತತ್ತ್ವಜ್ಞ ಸಾಲ್ ಕ್ರಿಪ್ಕಿಯು ಈ ನ್ಯೂನತೆಯನ್ನೇ ಹಿಡಿದು, ಅಂಕಿತನಾಮಗಳು ಯಾವ ವರ್ಣನೆಯ ನೆರವೂ ಇಲ್ಲದೆ ವಸ್ತುವನ್ನೇ ಸೂಚಿಸುತ್ತವೆಂದು ವಾದಿಸಿದನು. ನಮ್ಮ ವೈಯಾಕರಣರೂ ಜಾತಿ, ಗುಣ, ಕ್ರಿಯೆಗಳನ್ನು ಹಿಡಿದು ಪ್ರವರ್ತಿಸುವ ಶಬ್ದಗಳ ಪಕ್ಕದಲ್ಲಿ ಯದೃಚ್ಛಾಶಬ್ದಗಳೆಂಬ ನಾಲ್ಕನೆಯ ವರ್ಗವೊಂದನ್ನು ಹೇಳಿ, ಅದಕ್ಕೆ ಡಿತ್ಥ ಎಂಬ ಅರ್ಥವಿಲ್ಲದ ಹೆಸರನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ: ಇಟ್ಟವರ ಇಚ್ಛೆಯ ಹೊರತು ಅದಕ್ಕೆ ಬೇರೆ ನಿಮಿತ್ತವಿಲ್ಲ. ಬೆಳ್ಳಿಯೂ ಸಂಜೆಚುಕ್ಕಿಯೂ ಡಿತ್ಥನ ಕುಲಕ್ಕೆ ಸೇರಿದವಾದರೆ, ‘ಬೆಳ್ಳಿಯೇ ಸಂಜೆಚುಕ್ಕಿ’ ಎಂಬುದು ಎಂದೆಂದೂ ಅನ್ಯಥಾ ಆಗಲಾರದ ಸತ್ಯ. ಒಂದು ವಸ್ತುವು ತಾನಲ್ಲದೆ ಇನ್ನೊಂದಾಗಿರುವುದು ಸಾಧ್ಯವಿಲ್ಲವಷ್ಟೆ. ಆದರೂ ಅದನ್ನು ಅರಿಯಲು ಆಗಸವನ್ನು ನೋಡಲೇಬೇಕು, ಕುಳಿತಲ್ಲೇ ಯೋಚಿಸಿ ತಿಳಿಯಲಾಗದು. ಅನಿವಾರ್ಯವಾದುದೆಲ್ಲ ಬುದ್ಧಿಯೊಂದರಿಂದಲೇ ತಿಳಿಯುವಂಥದೆಂದು ನಂಬಿದ್ದ ತತ್ತ್ವಜ್ಞರಿಗೆ ಇದು ದೊಡ್ಡ ಆಘಾತವಾಯಿತು. ಆದರೆ ಹೆಸರಿನಿಂದ ಅರ್ಥಪ್ರಕಾರವನ್ನು ತೆಗೆದುಹಾಕಿದ ಕ್ರಿಪ್ಕಿಯು, ಗೃಹಸ್ಥನಿಗೆ ಪುರೋಹಿತರು ತಿಳಿಸಿದ್ದು ಏನೆಂಬುದಕ್ಕೆ ಬೇರೊಂದು ನೆಲೆಯನ್ನು ಹುಡುಕಿಕೊಡಬೇಕಾಗಿತ್ತು. 1979ರಲ್ಲಿ ನಂಬಿಕೆಗಳನ್ನು ಕುರಿತು ಬರೆದ ಲೇಖನದಲ್ಲಿ ಅವನು ಆ ಒಗಟನ್ನು ಇನ್ನಷ್ಟು ಕ್ಲಿಷ್ಟವಾಗಿ ಮಂಡಿಸಿದನೇ ಹೊರತು ಬಿಡಿಸಲಿಲ್ಲ.